ಶಾರ್ಟ್‌ಲಿಸ್ಟ್ ಆಗಿದೆ, ಸಂದರ್ಶನ ಎಂದು?

ಪಟ್ಟಿಯಲ್ಲಿ ಹೆಸರಿದೆ, ದಿನಾಂಕವಿಲ್ಲ. ಉತ್ತರ ಬರೆಯಬೇಕೋ, ಸುಮ್ಮನಿರಬೇಕೋ? ಬರೆದರೆ ಏನು ಕೇಳಬೇಕು, ಏನು ಕೇಳಬಾರದು? ಪಾವಗಡದ ತಿರುಮಣಿಯ ಸೋಲಾರ್ ಸ್ಥಾವರದ ಹುದ್ದೆಯೊಂದನ್ನು ಮುಂದಿಟ್ಟುಕೊಂಡು, ಆ ಅರೆಬರೆ ಮೇಲ್‌ಗೆ ಬರೆಯುವ ಹತ್ತು ಸಾಲಿನ ಉತ್ತರವನ್ನು ಇಲ್ಲಿ ಬಿಡಿಸಿ ನೋಡಲಾಗಿದೆ.

ಜೂನ್ ಕಳೆದು ಜುಲೈ ಕಾಲಿಡುವ ಹೊತ್ತಿಗೆ ಡಿಪ್ಲೊಮಾ ಮತ್ತು ಪದವಿಯ ಕೊನೆಯ ಸೆಮಿಸ್ಟರ್ ಮುಗಿಸಿದವರ ಮೊಬೈಲ್‌ಗಳಲ್ಲಿ ಒಂದೇ ಅಚ್ಚಿನ ಮೇಲ್‌ಗಳು ಕಾಣಿಸಿಕೊಳ್ಳುತ್ತವೆ. ಮೂರೇ ಸಾಲು ಇರುವ ಆ ಮೇಲ್‌ನ ಮೊದಲ ಸಾಲು ಅಭಿನಂದನೆ ಹೇಳುತ್ತದೆ, ಎರಡನೆಯದು ಅರ್ಜಿ ಶಾರ್ಟ್‌ಲಿಸ್ಟ್ ಆಗಿದೆ ಎಂದು ತಿಳಿಸುತ್ತದೆ, ಮೂರನೆಯದು ‘ಮುಂದಿನ ಹಂತದ ಬಗ್ಗೆ ನಮ್ಮ ತಂಡ ಸಂಪರ್ಕಿಸಲಿದೆ’ ಎಂದು ಮುಗಿಯುತ್ತದೆ. ಯಾವ ತಂಡ, ಯಾವ ಹಂತ, ಯಾವಾಗ ಎಂಬ ಮೂರರಲ್ಲಿ ಒಂದಕ್ಕೂ ಅದರಲ್ಲಿ ಉತ್ತರವಿರುವುದಿಲ್ಲ.

ಅಂಚೆಯಲ್ಲಿ ಸಂದರ್ಶನ ಪತ್ರ ಬರುತ್ತಿದ್ದ ಕಾಲದಲ್ಲಿ ಈ ತೊಡಕು ಇರಲಿಲ್ಲ. ಟೈಪು ಮಾಡಿಸಿ, ಸಹಿ ಹಾಕಿಸಿ, ಅಂಚೆಚೀಟಿ ಹಚ್ಚಿ ಕಳಿಸುವ ಕಾಗದವನ್ನು ಎರಡು ಬಾರಿ ಕಳಿಸಲು ಯಾರೂ ಇಚ್ಛಿಸುತ್ತಿರಲಿಲ್ಲವಾದ್ದರಿಂದ, ದಿನ, ಗಂಟೆ ಮತ್ತು ಸ್ಥಳ ಗೊತ್ತಾದ ಮೇಲೆಯೇ ಅದು ಕಚೇರಿಯಿಂದ ಹೊರಡುತ್ತಿತ್ತು. ಮೇಲ್ ಕಳಿಸಲು ಖರ್ಚಿಲ್ಲ. ಹಾಗಾಗಿ ಏನೂ ನಿಗದಿಯಾಗುವ ಮೊದಲೇ ಅದು ಬಂದುಬಿಡುತ್ತದೆ.

ಶಾರ್ಟ್‌ಲಿಸ್ಟ್ ಎಂದರೆ ಆಯ್ಕೆಯಲ್ಲ. ಬಂದ ಅರ್ಜಿಗಳಲ್ಲಿ ಕನಿಷ್ಠ ಅರ್ಹತೆಗೆ ಹೊಂದದವನ್ನು ಬದಿಗಿಟ್ಟು, ಉಳಿದವುಗಳಿಂದ ಮಾತನಾಡಿಸಿ ನೋಡಬಹುದಾದವರನ್ನು ಹೆಕ್ಕಿದ ಪಟ್ಟಿ ಅದು. ಒಂದು ಹುದ್ದೆಗೆ ಅದರಲ್ಲಿ ಮೂವರೂ ಇರಬಹುದು, ಮೂವತ್ತು ಮಂದಿಯೂ ಇರಬಹುದು. ಪಟ್ಟಿ ಎಷ್ಟು ಉದ್ದವಿದೆ ಎಂಬುದನ್ನು ಸಾಮಾನ್ಯವಾಗಿ ಯಾವ ಕಂಪನಿಯೂ ಹೇಳುವುದಿಲ್ಲ, ಅದನ್ನು ಕೇಳುವುದೂ ವ್ಯರ್ಥ.

ನಾಲ್ಕು ತಾಲ್ಲೂಕು, ಒಂದೇ ರಸ್ತೆಯ ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಕಂದಾಯದ ದೃಷ್ಟಿಯಿಂದ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಾಲಾ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹೀಗೆ ಒಟ್ಟಿಗೆ ಎಣಿಸಲ್ಪಡುವ ಈ ನಾಲ್ಕು ತಾಲ್ಲೂಕುಗಳ ಮಕ್ಕಳು, ಓದು ಮುಗಿಸಿದ ಮೇಲೆ ಕೆಲಸ ಹುಡುಕುವಾಗಲೂ ಹೆಚ್ಚು ಕಡಿಮೆ ಒಂದೇ ಬಗೆಯ ಲೆಕ್ಕ ಹಾಕಬೇಕಾಗುತ್ತದೆ.

ಆ ಲೆಕ್ಕ ದೂರದ್ದು. ಶಿರಾಕ್ಕೆ ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿಯ ಅನುಕೂಲವಿದೆ. ಕೊರಟಗೆರೆಯವರು ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಬಹುಪಾಲು ಆಂಧ್ರಪ್ರದೇಶದ ನೆಲದಿಂದಲೇ ಸುತ್ತುವರಿದ ಪಾವಗಡದಿಂದ ಬೆಂಗಳೂರು ಸುಮಾರು 160 ಕಿಲೋಮೀಟರ್ ದೂರವಿದ್ದು, ಮಧುಗಿರಿ, ಕೊರಟಗೆರೆ, ದಾಬಸ್‌ಪೇಟೆ ಹಾದು ಹೋಗುವ ಬಸ್ಸಿಗೆ ನಾಲ್ಕು ಗಂಟೆ ಬೇಕಾಗುತ್ತದೆ. ‘ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ಬನ್ನಿ’ ಎಂಬ ಫೋನ್ ಕರೆ ಸಂಜೆ ಆರಕ್ಕೆ ಬಂದರೆ ಮಲ್ಲೇಶ್ವರದ ಅಭ್ಯರ್ಥಿಗೆ ಅದೊಂದು ಸಣ್ಣ ಗಡಿಬಿಡಿ ಮಾತ್ರ, ವೈ.ಎನ್. ಹೊಸಕೋಟೆಯ ಸುತ್ತಿನ ಹಳ್ಳಿಯವರಿಗೆ ಕೊನೆಯ ಬಸ್ಸು ಹೊರಟುಹೋಗಿರುವ ಸಮಯ.

ದಿನಾಂಕವಿಲ್ಲದ ಮೇಲ್‌ಗೆ ಉತ್ತರ ಬರೆದು ಹಂತಗಳನ್ನೂ ಅಂದಾಜು ಸಮಯವನ್ನೂ ಕೇಳಬೇಕಾದುದು ಈ ಕಾರಣಕ್ಕೆ. ಸಂದರ್ಶನವು ಎದುರಾಬದುರಿಯೋ, ವಿಡಿಯೊ ಕರೆಯೋ, ಬೆಂಗಳೂರಿನಲ್ಲೋ, ತಾಲ್ಲೂಕಿನಲ್ಲೇ ಇರುವ ಕೆಲಸದ ಜಾಗದಲ್ಲೋ ಎಂಬುದು ಮುಂಚೆ ಗೊತ್ತಾದರೆ, ಬಸ್ಸಿನಿಂದ ಹಿಡಿದು ಮನೆಯ ಕೆಲಸದವರೆಗೆ ಎಲ್ಲವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ದಿನಾಂಕ ಏಕೆ ಇರುವುದಿಲ್ಲ?

ಉತ್ತರ ಬರೆಯುವ ಮೊದಲು ಆ ಬದಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ತಿಳಿದರೆ ಪ್ರಶ್ನೆ ತಾನಾಗಿ ಸರಿಹೋಗುತ್ತದೆ. ಅದಕ್ಕೆ ತಿರುಮಣಿಯ ಸೋಲಾರ್ ಪಾರ್ಕ್ ಒಳ್ಳೆಯ ಉದಾಹರಣೆ. ತಿರುಮಣಿ, ವಳ್ಳೂರು, ರಾಯಚೆರ್ಲು, ಬಾಲಸಮುದ್ರ ಮತ್ತು ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಈ ಪಾರ್ಕ್‌ನ ಒಟ್ಟು ಸಾಮರ್ಥ್ಯ 2,050 ಮೆಗಾವಾಟ್. 2018ರ ಮಾರ್ಚ್ 1ರಂದು ಉದ್ಘಾಟನೆಯಾದ ಇದರಲ್ಲಿ ಜಮೀನು ರೈತರದ್ದೇ ಆಗಿದ್ದು, ಅದನ್ನು ಗುತ್ತಿಗೆಗೆ ಪಡೆದ ಸರ್ಕಾರಿ ಸಂಸ್ಥೆಯು ಬೇರೆ ಬೇರೆ ವಿದ್ಯುತ್ ಕಂಪನಿಗಳಿಗೆ ಭಾಗ ಮಾಡಿ ಕೊಟ್ಟಿದೆ.

ಇಂಥ ಪಾರ್ಕ್‌ಗಳಲ್ಲಿ ಸ್ಥಾವರದ ಮಾಲೀಕ ಕಂಪನಿಯೇ ಅದನ್ನು ದಿನನಿತ್ಯ ನಡೆಸುತ್ತದೆ ಎನ್ನುವಂತಿಲ್ಲ. ಫಲಕಗಳಿಂದ ಬರುವ ವಿದ್ಯುತ್ತನ್ನು ಇನ್ವರ್ಟರ್‌ಗೆ ಮುಟ್ಟಿಸುವ ಕೇಬಲ್ಲು, ಪೆಟ್ಟಿಗೆಗಳನ್ನೂ ಟ್ರಾನ್ಸ್‌ಫಾರ್ಮರ್‌ಗಳನ್ನೂ ನೋಡಿಕೊಳ್ಳುವ ಕೆಲಸವನ್ನು, ಅಂದರೆ ಕ್ಷೇತ್ರದವರು ‘ಓ ಆಂಡ್ ಎಂ’ ಎಂದು ಕರೆಯುವ ನಿರ್ವಹಣೆಯನ್ನು, ಮತ್ತೊಂದು ಕಂಪನಿಗೆ ಗುತ್ತಿಗೆ ಕೊಡುವುದು ರೂಢಿ. ಆ ಕಂಪನಿಯ ನೇಮಕಾತಿ ವಿಭಾಗ, ಆಡುಮಾತಿನ ಎಚ್‌ಆರ್, ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ದೆಹಲಿಯ ಸುತ್ತಲೋ ಕುಳಿತಿರುತ್ತದೆ. ತಾಂತ್ರಿಕ ಪ್ರಶ್ನೆ ಕೇಳಿ ‘ಆಗಬಹುದು’ ಎನ್ನಬೇಕಾದ ಸೈಟ್ ಇನ್‌ಚಾರ್ಜ್ ಇರುವುದು ಸ್ಥಾವರದಲ್ಲಿ.

ಅರ್ಜಿಯನ್ನು ಮೊದಲು ನೋಡುವವರು ಎಚ್‌ಆರ್‌ನವರು. ಅವರು ಕಂಪ್ಯೂಟರಿನಲ್ಲಿ ಅರ್ಜಿಯ ಸ್ಥಿತಿಯನ್ನು ‘ಶಾರ್ಟ್‌ಲಿಸ್ಟ್’ ಎಂದು ಬದಲಿಸಿದ ಕ್ಷಣವೇ, ಬಹಳ ಕಡೆಗಳಲ್ಲಿ, ನೇಮಕಾತಿ ತಂತ್ರಾಂಶವು ಸಿದ್ಧ ಮೇಲನ್ನು ತಾನೇ ಕಳಿಸಿಬಿಡುತ್ತದೆ. ಸೈಟ್ ಇನ್‌ಚಾರ್ಜ್‌ಗೆ ಆ ಹೊತ್ತಿಗೆ ಪಟ್ಟಿ ತಲುಪಿರುವುದೂ ಇಲ್ಲ. ತಲುಪಿದ ಮೇಲೂ, ಬಿಸಿಲಿರುವ ತನಕ ಉತ್ಪಾದನೆ ನಿಲ್ಲದಂತೆ ನೋಡಿಕೊಳ್ಳುವುದೇ ಅವರ ಮೊದಲ ಹೊಣೆಯಾಗಿರುವುದರಿಂದ, ಒಂದು ಇನ್ವರ್ಟರ್ ಟ್ರಿಪ್ ಆದರೆ ಅಂದಿನ ಸಂದರ್ಶನ ಮರುದಿನಕ್ಕೆ ಹೋಗುತ್ತದೆ. ಇದರ ಜತೆಗೆ, ಗುತ್ತಿಗೆಯ ಪ್ರಕಾರ ಎಷ್ಟು ಜನರನ್ನು ಇಡಬೇಕು ಎಂಬುದಕ್ಕೆ ಕೆಲವೆಡೆ ಮಾಲೀಕ ಕಂಪನಿಯ ಒಪ್ಪಿಗೆಯೂ ಬೇಕಾಗಿ, ಹುದ್ದೆಯೇ ಇನ್ನೂ ಅಂತಿಮವಾಗಿರುವುದಿಲ್ಲ.

ಹೀಗಾಗಿ ‘ಸಂದರ್ಶನ ಯಾವ ದಿನ?’ ಎಂದು ಕೇಳಿದರೆ, ಉತ್ತರಿಸಬೇಕಾದ ಎಚ್‌ಆರ್‌ನವರ ಬಳಿಯೇ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆಯ ಮೇಲ್ ‘ಆಮೇಲೆ ನೋಡೋಣ’ ಎಂಬ ರಾಶಿಗೆ ಸೇರಿ ಅಲ್ಲೇ ಉಳಿಯುತ್ತದೆ. ಅದೇ ‘ಎಷ್ಟು ಹಂತಗಳಿವೆ, ಮೊದಲ ಹಂತವನ್ನು ಯಾವ ವಾರದಲ್ಲಿ ನಿರೀಕ್ಷಿಸಬಹುದು?’ ಎಂದರೆ, ಇದೇ ಹುದ್ದೆಗೆ ಕಳೆದ ಬಾರಿ ನಡೆದದ್ದನ್ನು ನೆನೆದೇ ಅವರು ಎರಡು ಸಾಲು ಬರೆದುಬಿಡಬಹುದು. ಎದುರಿನವರ ಬಳಿ ಈಗಾಗಲೇ ಇರುವ ಮಾಹಿತಿಯನ್ನಷ್ಟೇ ಕೇಳುವುದರಲ್ಲಿಯೇ ಈ ಉತ್ತರದ ಗುಟ್ಟೆಲ್ಲ ಇದೆ.

▪ ಬಾಕ್ಸ್: ಉತ್ತರಿಸುವ ಮೊದಲು ವಿಳಾಸ ನೋಡಿ

*ಮೇಲ್ ಬಂದ ವಿಳಾಸದಲ್ಲಿ `no-reply` ಅಥವಾ `noreply` ಎಂದಿದ್ದರೆ ಅದಕ್ಕೆ ಬರೆದ ಉತ್ತರವನ್ನು ಯಾರೂ ಓದುವುದಿಲ್ಲ. ಮೇಲ್‌ನ ಕೊನೆಯಲ್ಲಿ ಯಾರದಾದರೂ ಹೆಸರು, ಬೇರೆ ವಿಳಾಸ ಅಥವಾ ದೂರವಾಣಿ ಇದೆಯೇ ಎಂದು ಹುಡುಕಬೇಕು; ಇಲ್ಲದಿದ್ದರೆ ಹುದ್ದೆಯ ಜಾಹೀರಾತಿನಲ್ಲಿ ಕೊಟ್ಟ ವಿಳಾಸಕ್ಕೆ ಅರ್ಜಿ ಸಂಖ್ಯೆ ನಮೂದಿಸಿ ಬರೆಯಬೇಕು. ಮೇಲ್‌ನಲ್ಲಿ ಬೇರೆಯವರ ವಿಳಾಸಗಳೂ ಪ್ರತಿಯ ಸಾಲಿನಲ್ಲಿದ್ದರೆ, ಅವರು ಕಂಪನಿಯವರೇ ಎಂದು ಖಚಿತವಾದ ಮೇಲಷ್ಟೇ ‘ರಿಪ್ಲೈ ಆಲ್’ ಒತ್ತಬೇಕು. ಕೆಲವೊಮ್ಮೆ ಅವು ಉಳಿದ ಅಭ್ಯರ್ಥಿಗಳ ವಿಳಾಸಗಳಾಗಿರುತ್ತವೆ.*

ರಜೆ ಅರ್ಜಿಯ ನೆರಳು

ಪತ್ರ ಬರೆಯುವುದನ್ನು ಕನ್ನಡ ಶಾಲೆಗಳಲ್ಲಿ ಕಲಿಸುವುದು ರಜೆ ಅರ್ಜಿಯಿಂದ. ಇವರಿಂದ, ಇವರಿಗೆ, ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ – ಎಂಬ ಆ ಮಾದರಿಯು ತಾಲ್ಲೂಕು ಕಚೇರಿಯ ಟಪಾಲಿಗೆ ಇಂದಿಗೂ ಸರಿ. ನೇಮಕಾತಿಯ ಮೇಲ್‌ನಲ್ಲಿ ಅದು ಎರಡು ರೀತಿಯ ತೊಂದರೆ ಕೊಡುತ್ತದೆ: ಮೊಬೈಲಿನ ಪರದೆಯಲ್ಲಿ ಕಾಣುವ ಮೊದಲ ಮೂರು ಸಾಲು ಪೀಠಿಕೆಗೇ ಖರ್ಚಾಗಿ ಪ್ರಶ್ನೆ ಕೆಳಗೆ ಮರೆಯಾಗುತ್ತದೆ, ಜತೆಗೆ, ವಿನಂತಿಯ ಭಾಷೆ ಬಹಳ ಬೇಗ ಕಷ್ಟಸುಖದ ನಿವೇದನೆಗೆ ಜಾರುತ್ತದೆ.

ಮನೆಯ ಪರಿಸ್ಥಿತಿ, ಸಾಲ, ಈ ಕೆಲಸ ಸಿಗಲೇಬೇಕಾದ ಅನಿವಾರ್ಯ – ಇವೆಲ್ಲ ನಿಜವೇ ಇರಬಹುದು. ಆದರೆ ಹಂತ ಮತ್ತು ಸಮಯವನ್ನು ಕೇಳುವ ಮೇಲ್‌ನಲ್ಲಿ ಅವುಗಳಿಗೆ ಜಾಗವಿಲ್ಲ, ಓದುವವರಿಗೆ ಅವುಗಳ ಬಗ್ಗೆ ಮಾಡಲು ಏನೂ ಇಲ್ಲ. ಸಂಬಳದ ಪ್ರಶ್ನೆಯನ್ನೂ ಇಲ್ಲಿ ತರಬಾರದು. ಜಾಹೀರಾತಿನಲ್ಲಿ ಇಲ್ಲದಿದ್ದರೆ ಅದು ಮೊದಲ ಫೋನ್ ಮಾತುಕತೆಯಲ್ಲಿ ಹೇಗೂ ಬರುತ್ತದೆ.

ಇಂಥ ಮೇಲ್‌ಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ, ಉತ್ತರವೂ ಇಂಗ್ಲಿಷಿನಲ್ಲೇ ಹೋಗಬೇಕಾಗುತ್ತದೆ. ಮುಂದೆ ಕೊಟ್ಟಿರುವ ಮಾದರಿಯಲ್ಲಿ ಮುಖ್ಯವಾದುದು ಸಾಲುಗಳ ಕ್ರಮ. ಅದನ್ನು ಯಾವ ಭಾಷೆಯಲ್ಲಿ ಬರೆದರೂ ಬದಲಿಸುವ ಅಗತ್ಯವಿಲ್ಲ.

ಒಂದು ಉತ್ತರ, ಬಿಡಿಸಿ ನೋಡಿದಾಗ

ಪಾವಗಡ ತಾಲ್ಲೂಕಿನ ಒಬ್ಬ ಎಲೆಕ್ಟ್ರಿಕಲ್ ಡಿಪ್ಲೊಮಾ ಪದವೀಧರೆಯನ್ನು ಕಲ್ಪಿಸಿಕೊಳ್ಳಬಹುದು. ತಿರುಮಣಿಯ ಸ್ಥಾವರದಲ್ಲಿ ಜೂನಿಯರ್ ಎಂಜಿನಿಯರ್ ಹುದ್ದೆಗೆ ಆಕೆ ಅರ್ಜಿ ಹಾಕಿದ್ದು, ಜುಲೈ ಮೊದಲ ಗುರುವಾರ ಮಧ್ಯಾಹ್ನ ಶಾರ್ಟ್‌ಲಿಸ್ಟ್ ಮೇಲ್ ಬಂದಿದೆ. ಕೆಳಗೆ ಎಚ್‌ಆರ್‌ನವರೊಬ್ಬರ ಹೆಸರಿದೆ, ದಿನಾಂಕವಿಲ್ಲ. ಆಕೆಯ ಮನೆಯಲ್ಲಿ ಕಡಲೆಕಾಯಿ ಬಿತ್ತನೆಯ ಸಿದ್ಧತೆ ನಡೆದಿದೆ, ಜುಲೈ 14ರಿಂದ 16ರವರೆಗೆ ಬೇರೊಂದು ಪರೀಕ್ಷೆಗೆ ತುಮಕೂರಿನಲ್ಲಿ ಇರಬೇಕಾಗಿದೆ, ಹಳ್ಳಿಯಲ್ಲಿ ನೆಟ್‌ವರ್ಕ್ ಒಮ್ಮೆ ಬಂದರೆ ಒಮ್ಮೆ ಹೋಗುತ್ತದೆ.

ಮೊದಲು ಕೈಗೆ ಬರುವ ಉತ್ತರ ಹೀಗಿರುತ್ತದೆ: ‘ತುಂಬಾ ಧನ್ಯವಾದಗಳು ಸರ್. ಯಾವಾಗ ಬೇಕಾದರೂ ಬರಲು ಸಿದ್ಧಳಿದ್ದೇನೆ. ದಯವಿಟ್ಟು ಸಂದರ್ಶನದ ದಿನಾಂಕ ಆದಷ್ಟು ಬೇಗ ತಿಳಿಸಿ.’ ಇದರಲ್ಲಿ ಒಂದು ಸುಳ್ಳಿದೆ, ಏಕೆಂದರೆ 14ರಿಂದ 16ರವರೆಗೆ ಆಕೆ ಬರಲಾರಳು. ಉತ್ತರಿಸಲಾಗದ ಒಂದು ಪ್ರಶ್ನೆಯಿದೆ. ಯಾವ ಹುದ್ದೆ, ಯಾವ ಅರ್ಜಿ ಎಂಬುದೇ ಇಲ್ಲವಾದ್ದರಿಂದ, ಒಂದೇ ವಾರದಲ್ಲಿ ಹಲವು ಹುದ್ದೆಗಳಿಗೆ ಪಟ್ಟಿ ಮಾಡುತ್ತಿರುವವರು ಆಕೆ ಯಾರೆಂದು ಹುಡುಕಬೇಕಾಗುತ್ತದೆ. ಬರೆದವರು ಮಹಿಳೆಯಾಗಿದ್ದರೆ ‘ಸರ್’ ಎಂಬುದು ಇನ್ನೊಂದು ಎಡವಟ್ಟು. ಹೆಸರಿದ್ದಾಗ ಹೆಸರಿನಿಂದಲೇ ಸಂಬೋಧಿಸುವುದು ಕ್ಷೇಮ.

ತಿದ್ದಿದ ಉತ್ತರ ಹೀಗಿರಬಹುದು:

*ವಿಷಯ: ಜೂನಿಯರ್ ಎಂಜಿನಿಯರ್ (ತಿರುಮಣಿ), ಅರ್ಜಿ ಸಂಖ್ಯೆ … – ಮುಂದಿನ ಹಂತಗಳ ಕುರಿತು*

*ನಮಸ್ಕಾರ. ತಿರುಮಣಿಯ ಜೂನಿಯರ್ ಎಂಜಿನಿಯರ್ ಹುದ್ದೆಗೆ ನನ್ನ ಅರ್ಜಿಯನ್ನು ಶಾರ್ಟ್‌ಲಿಸ್ಟ್ ಮಾಡಿರುವುದನ್ನು ತಿಳಿಸಿದ್ದಕ್ಕೆ ಧನ್ಯವಾದಗಳು. ಮುಂದಿನ ಹಂತದಲ್ಲಿ ಭಾಗವಹಿಸಲು ಇಚ್ಛಿಸುತ್ತೇನೆ.*

*ಸಿದ್ಧತೆಗೆ ಅನುಕೂಲವಾಗುವಂತೆ ಎರಡು ವಿಷಯಗಳನ್ನು ತಿಳಿಸಲು ಸಾಧ್ಯವೇ?*

*1. ಆಯ್ಕೆ ಪ್ರಕ್ರಿಯೆಯಲ್ಲಿ ಯಾವ ಯಾವ ಹಂತಗಳಿವೆ, ಅವು ಫೋನ್/ವಿಡಿಯೊ ಮೂಲಕವೋ, ಸೈಟ್‌ನಲ್ಲೋ, ಬೆಂಗಳೂರು ಕಚೇರಿಯಲ್ಲೋ?*

*2. ಮೊದಲ ಹಂತವನ್ನು ಸುಮಾರಾಗಿ ಯಾವ ವಾರದಲ್ಲಿ ನಿರೀಕ್ಷಿಸಬಹುದು?*

*ಜುಲೈ 14ರಿಂದ 16ರವರೆಗೆ ಪರೀಕ್ಷೆಯಿರುವುದನ್ನು ಬಿಟ್ಟರೆ ಉಳಿದ ಎಲ್ಲ ಕೆಲಸದ ದಿನಗಳಲ್ಲಿ ಲಭ್ಯಳಿದ್ದೇನೆ. ಪಾವಗಡ ತಾಲ್ಲೂಕಿನಲ್ಲಿ ವಾಸವಿರುವುದರಿಂದ ತಿರುಮಣಿಗೆ ಅದೇ ದಿನ ಬರಬಲ್ಲೆ. ಬೆಂಗಳೂರಾದರೆ ಎರಡು ದಿನ ಮುಂಚಿತವಾಗಿ ತಿಳಿಸಿದರೆ ಅನುಕೂಲ. ಕರೆ ಸಿಗದಿದ್ದರೆ ಈ ಎರಡನೆಯ ಸಂಖ್ಯೆಗೆ ಪ್ರಯತ್ನಿಸಬಹುದು: …*

*ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆ ಪೂರ್ಣ ಹೆಸರು, ಮೊಬೈಲ್ ಸಂಖ್ಯೆ*

ಇದರಲ್ಲಿ ಮೊದಲು ಗಮನಿಸಬೇಕಾದುದು ವಿಷಯದ ಸಾಲು. ಬಂದ ಮೇಲ್‌ಗೇ ‘ರಿಪ್ಲೈ’ ಒತ್ತಿ ಬರೆದರೆ ಹಳೆಯ ವಿಷಯವು `Re:` ಸೇರಿಕೊಂಡು ಹಾಗೇ ಇರುತ್ತದೆ. ಅದರಲ್ಲಿ ಹುದ್ದೆ ಮತ್ತು ಅರ್ಜಿ ಸಂಖ್ಯೆ ಇದ್ದರೆ ಮುಟ್ಟಬಾರದು, ಬರೀ ‘ಅಭಿನಂದನೆಗಳು’ ಎಂದಿದ್ದರೆ ಮಾತ್ರ ಬದಲಿಸಬೇಕು. ಹೊಸ ಮೇಲ್ ಆರಂಭಿಸುವುದು ಬೇಡ, ಏಕೆಂದರೆ ಒಂದೇ ಸರಣಿಯಲ್ಲಿದ್ದರೆ ಹಿಂದಿನದೆಲ್ಲ ಓದುವವರ ಕಣ್ಣ ಮುಂದೆ ಇರುತ್ತದೆ.

ಎರಡು ಪ್ರಶ್ನೆಗಳಿಗೆ ಅಂಕಿ ಹಾಕಿರುವುದು ಉತ್ತರಿಸುವವರ ಸೌಕರ್ಯಕ್ಕೆ. ಅವರು ‘1. ಫೋನ್, ಆಮೇಲೆ ಸೈಟ್, 2. ಮುಂದಿನ ವಾರ’ ಎಂದು ಮೊಬೈಲಿನಲ್ಲೇ ಬರೆದು ಮುಗಿಸಬಹುದು. ಪ್ರಶ್ನೆಗಳು ಐದಾದರೆ ಉತ್ತರ ಬರೆಯುವುದೇ ಒಂದು ಕೆಲಸವಾಗಿ ಮುಂದಕ್ಕೆ ಹೋಗುತ್ತದೆ.

ಮೂರನೆಯ ಪ್ರಶ್ನೆಗೆ ಅವಕಾಶವಿರುವುದು ಒಂದೇ ಸಂದರ್ಭದಲ್ಲಿ: ಹುದ್ದೆಗೆ ಬೇಕಾದ ದಾಖಲೆ ಪಡೆಯಲು ದಿನಗಳು ಹಿಡಿಯುವಾಗ. ವಿದ್ಯುತ್ ಕೆಲಸದ ಕೆಲವು ಹುದ್ದೆಗಳಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಕೊಡುವ ವೈರ್‌ಮನ್ ಅಥವಾ ಸೂಪರ್‌ವೈಸರ್ ಪರ್ಮಿಟ್ ಕೇಳುವುದುಂಟು. ಮೂಲ ಅಂಕಪಟ್ಟಿ ಇನ್ನೂ ಕಾಲೇಜಿನಿಂದ ಬಂದಿರದೆ ತಾತ್ಕಾಲಿಕ ಪ್ರಮಾಣಪತ್ರವಷ್ಟೇ ಕೈಯಲ್ಲಿರುವುದೂ ಉಂಟು. ಇಂಥ ಕೊರತೆಯಿದ್ದರೆ ‘ದಾಖಲೆ ಪರಿಶೀಲನೆ ಯಾವ ಹಂತದಲ್ಲಿ ನಡೆಯುತ್ತದೆ?’ ಎಂದು ಕೇಳುವುದು ನ್ಯಾಯವಾದದ್ದು, ಏಕೆಂದರೆ ಅದು ಮೊದಲ ದಿನವೋ ಕೊನೆಯ ದಿನವೋ ಎಂಬುದರ ಮೇಲೆ ಅರ್ಜಿಯ ಅಳಿವು ಉಳಿವು ನಿಂತಿರುತ್ತದೆ.

ಬರಲಾಗದ ದಿನಗಳನ್ನು ಹೇಳುವಾಗ ಕಾರಣ ಒಂದು ಪದಕ್ಕೆ ಮೀರಬೇಕಿಲ್ಲ. ಬಿತ್ತನೆಯ ವಿಷಯವನ್ನು ಮಾದರಿಯಲ್ಲಿ ಬಿಟ್ಟಿರುವುದು ಅದು ಕೀಳೆಂದಲ್ಲ. ಮನೆಯವರು ಹೊಂದಿಸಿಕೊಳ್ಳಬಹುದಾದ ಕೆಲಸವನ್ನು ಕಂಪನಿಯ ಮುಂದೆ ಅಡ್ಡಿಯಾಗಿ ಇಡಬೇಕಿಲ್ಲ, ಪರೀಕ್ಷೆಯನ್ನು ಮಾತ್ರ ಹಾಗೆ ಹೊಂದಿಸಲು ಬರುವುದಿಲ್ಲ. ಸ್ಥಳೀಯಳಾಗಿರುವುದನ್ನು ಸೂಚಿಸಿದ್ದಂತೂ ಲಾಭದ ಮಾತು: ದೂರದ ಊರಿನಿಂದ ನೇಮಕವಾದವರು ತಿಂಗಳೊಪ್ಪತ್ತಿನಲ್ಲಿ ಬಿಟ್ಟುಹೋಗುವುದು ಇಂಥ ಸೈಟ್‌ಗಳ ಸಾಮಾನ್ಯ ತಲೆನೋವು.

ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಮೇಲ್ ವಿಳಾಸದಲ್ಲಿ ಮನೆಯವರು ಕರೆಯುವ ಹೆಸರು – ಹೀಗೆ ಮೂರು ಬಗೆ ಇರುವುದು ನಮ್ಮಲ್ಲಿ ತೀರ ಸಹಜ. ಗೇಟ್‌ಪಾಸ್ ಬರೆಯುವ ಕಾವಲುಗಾರನಿಗೂ ದಾಖಲೆ ಪರಿಶೀಲಿಸುವವರಿಗೂ ಒಂದೇ ಹೆಸರು ಸಿಗಬೇಕಾದರೆ ಈ ಮೇಲ್‌ನಿಂದಲೇ ಒಂದೇ ರೂಪವನ್ನು ಹಿಡಿಯುವುದು ಒಳ್ಳೆಯದು.

ಉತ್ತರ ಹೋಗಬೇಕಾದ ಹೊತ್ತು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆ. ಗುರುವಾರ ಮಧ್ಯಾಹ್ನ ಬಂದ ಮೇಲ್‌ಗೆ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಬರೆದರೆ ಸಾಕು. ರಾತ್ರಿ ಹನ್ನೊಂದಕ್ಕೆ ಅವಸರದಲ್ಲಿ ಬರೆದುದರಿಂದ ವಿಶೇಷ ಉಪಯೋಗವಿಲ್ಲ, ಸೋಮವಾರದ ತನಕ ಬಿಟ್ಟರೆ ಆ ವೇಳೆಗೆ ಮೊದಲ ಕರೆಗಳ ಪಟ್ಟಿ ಸಿದ್ಧವಾಗಿರಬಹುದು.

ಬರುವ ಉತ್ತರವನ್ನು ಓದುವುದು

ಹಂತಗಳನ್ನು ಹೆಸರಿಸಿ ವಾರವನ್ನೂ ಹೇಳಿದ ಉತ್ತರ ಬಂದರೆ ಹುದ್ದೆ ಖಾಲಿಯಿದೆ, ಒಪ್ಪಿಗೆಯೂ ಸಿಕ್ಕಿದೆ ಎಂದು ಹೆಚ್ಚುಕಡಿಮೆ ನಂಬಬಹುದು. ತಾಂತ್ರಿಕ ಹುದ್ದೆಗಳಲ್ಲಿ ವಾಡಿಕೆಯಾಗಿ ಎಚ್‌ಆರ್‌ನ ಕಿರು ಫೋನ್ ಮಾತುಕತೆ, ಬಳಿಕ ಸೈಟ್ ಇನ್‌ಚಾರ್ಜ್‌ನ ತಾಂತ್ರಿಕ ಸಂದರ್ಶನ, ಆಮೇಲೆ ದಾಖಲೆ ಪರಿಶೀಲನೆ ಮತ್ತು ಕೆಲವೆಡೆ ವೈದ್ಯಕೀಯ ತಪಾಸಣೆ, ಕೊನೆಗೆ ನೇಮಕಾತಿ ಪತ್ರ ಎಂಬ ಅನುಕ್ರಮ ಕಾಣುತ್ತದೆ. ಫೋನ್ ಮಾತುಕತೆ ಎಂಬುದು ಸಂದರ್ಶನವಲ್ಲ ಎಂದು ತಿಳಿದು ಹಲವರು ಬಸ್ಸಿನಲ್ಲೇ ನಿಂತು ಮಾತನಾಡಿ ಕೆಡಿಸಿಕೊಳ್ಳುತ್ತಾರೆ. ಅದು ಮೊದಲ ಹಂತವೇ ಎಂದು ಮುಂಚೆ ತಿಳಿದಿದ್ದರೆ ನೆಟ್‌ವರ್ಕ್ ಸಿಗುವ ಜಾಗದಲ್ಲಿ ಕುಳಿತಿರಲು ಸಾಧ್ಯ.

‘ಪ್ರಕ್ರಿಯೆಯಲ್ಲಿದೆ, ತಿಳಿಸುತ್ತೇವೆ’ ಎಂಬ ಒಂದೇ ಸಾಲು ಬಂದರೆ ಹುದ್ದೆಗೆ ಮೇಲಿನ ಒಪ್ಪಿಗೆ ಬಾಕಿಯಿರಬಹುದು, ಇಲ್ಲವೇ ಮುಂದೆ ಬೇಕಾದೀತು ಎಂದು ಹೆಸರುಗಳನ್ನು ಕೂಡಿಡುತ್ತಿರಬಹುದು. ಯಾವುದೆಂದು ತಿಳಿಯಲು ಒಂದು ದಾರಿಯಿದೆ: ಜಾಹೀರಾತಿನಲ್ಲಿ ಹುದ್ದೆಗಳ ಸಂಖ್ಯೆ, ಸ್ಥಳ ಮತ್ತು ಕೊನೆಯ ದಿನಾಂಕ ಸ್ಪಷ್ಟವಾಗಿದ್ದರೆ ಮೊದಲನೆಯದು, ಅದೇ ಜಾಹೀರಾತು ತಿಂಗಳುಗಟ್ಟಲೆ ಬದಲಾಗದೆ ಮತ್ತೆ ಮತ್ತೆ ಕಾಣುತ್ತಿದ್ದರೆ ಎರಡನೆಯದು ಎಂದು ಊಹಿಸಬಹುದು.

ಉತ್ತರವೇ ಬಾರದಿದ್ದರೆ ಐದರಿಂದ ಏಳು ಕೆಲಸದ ದಿನ ಬಿಟ್ಟು, ಅದೇ ಸರಣಿಯಲ್ಲಿ, ಎರಡೇ ಸಾಲಿನ ನೆನಪೋಲೆ ಸಾಕು. ಅವರೇ ಒಂದು ಅವಧಿ ಹೇಳಿದ್ದರೆ ಅದು ಮುಗಿದು ಒಂದೆರಡು ಕೆಲಸದ ದಿನ ಕಳೆಯುವ ತನಕ ಸುಮ್ಮನಿರಬೇಕು. ‘ಮುಂದಿನ ವಾರದೊಳಗೆ’ ಎಂದಿದ್ದವರಿಗೆ ಆ ವಾರದ ಬುಧವಾರವೇ ಬರೆದರೆ ಕೊಟ್ಟ ಮಾತನ್ನು ಓದಿಲ್ಲ ಎಂದಷ್ಟೇ ತಿಳಿಯುತ್ತದೆ. ನಮ್ಮ ಕಲ್ಪಿತ ಅಭ್ಯರ್ಥಿಗೆ ಸೋಮವಾರ ಹೀಗೆ ಉತ್ತರ ಬಂತೆನ್ನೋಣ: ‘ಫೋನ್, ಆಮೇಲೆ ಸೈಟ್‌ನಲ್ಲಿ ಸಂದರ್ಶನ, ಈ ವಾರದ ಕೊನೆಯೊಳಗೆ ಕರೆ ಮಾಡುತ್ತೇವೆ.’ ಕರೆ ಬಾರದೆ ಶನಿವಾರ ಕಳೆದರೆ, ಮಂಗಳವಾರದಿಂದ ಪರೀಕ್ಷೆಯಿರುವುದರಿಂದ ಇನ್ನೂ ಕಾಯದೆ, ಆಕೆಯ ನೆನಪೋಲೆ ಸೋಮವಾರ, ಅಂದರೆ 13ರ ಮಧ್ಯಾಹ್ನದ ಹೊತ್ತಿಗೆ ಹೋಗಬೇಕು. ಅದರಲ್ಲಿ ನಾಳೆಯಿಂದ ಮೂರು ದಿನ ಪರೀಕ್ಷೆಯಿದ್ದು ಸಂಜೆ ಐದರ ಬಳಿಕ ಕರೆ ಸ್ವೀಕರಿಸಬಲ್ಲೆ ಎಂಬುದನ್ನು ಸೇರಿಸಬೇಕು.

ಎರಡನೆಯ ನೆನಪೋಲೆಗೂ ಉತ್ತರವಿಲ್ಲದಿದ್ದರೆ ಒಮ್ಮೆ ಫೋನ್ ಮಾಡಬಹುದು. ಅಲ್ಲಿಗೆ ನಿಲ್ಲಿಸುವುದು ಲೇಸು. ವಾಟ್ಸ್ಯಾಪ್‌ನಲ್ಲಿ ದಿನಕ್ಕೊಂದು ‘ಗುಡ್ ಮಾರ್ನಿಂಗ್ ಸರ್’ ಕಳಿಸುವ ಪದ್ಧತಿ ಇತ್ತೀಚೆಗೆ ಹಬ್ಬಿದ್ದು, ಅದರಿಂದ ಕೆಲಸ ಸಿಗುವುದಕ್ಕಿಂತ ಸಂಖ್ಯೆ ಬ್ಲಾಕ್ ಆಗುವ ಸಂಭವವೇ ಹೆಚ್ಚು.

▪ ಬಾಕ್ಸ್: ಸರ್ಕಾರಿ ಪಟ್ಟಿಗೆ ಈ ದಾರಿಯಲ್ಲ

*ಕರ್ನಾಟಕ ಲೋಕಸೇವಾ ಆಯೋಗ, ಪರೀಕ್ಷಾ ಪ್ರಾಧಿಕಾರ ಅಥವಾ ಜಿಲ್ಲಾ ನ್ಯಾಯಾಲಯದ ನೇಮಕಾತಿಯಲ್ಲಿ ಹಂತಗಳು ಅಧಿಸೂಚನೆಯಲ್ಲೇ ಬರೆದಿರುತ್ತವೆ, ದಿನಾಂಕಗಳು ಆಯಾ ಜಾಲತಾಣದಲ್ಲಿ ಪ್ರಕಟವಾಗುತ್ತವೆ. ಮೇಲ್‌ಗೆ ಉತ್ತರ ಬರೆದು ಕೇಳುವುದರಿಂದ ಹೆಚ್ಚು ಉಪಯೋಗವಿಲ್ಲ. ಪ್ರಕ್ರಿಯೆ ವಿಪರೀತ ತಡವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ, ಕಡತ ಯಾವ ಹಂತದಲ್ಲಿದೆ ಎಂದು ಅರ್ಜಿ ಹಾಕಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಖಾಸಗಿ ಕಂಪನಿಗಳಿಗೆ ನೇರವಾಗಿ ಹೀಗೆ ಅರ್ಜಿ ಹಾಕಲು ಬರುವುದಿಲ್ಲ.*

ಹಣದ ಸಾಲು ಕಂಡರೆ

ದಿನಾಂಕವಿಲ್ಲದ ಮೇಲ್‌ಗಳಲ್ಲಿ ಒಂದು ಪಾಲು ನೇಮಕಾತಿಯದೇ ಅಲ್ಲ. ಅಸಲಿ ಕಂಪನಿಯ ಹೆಸರನ್ನು ಬಳಸಿ, ಅರ್ಜಿಯನ್ನೇ ಹಾಕದವರಿಗೂ ‘ಶಾರ್ಟ್‌ಲಿಸ್ಟ್ ಆಗಿದ್ದೀರಿ’ ಎಂದು ಬರೆದು, ಉತ್ತರಿಸಿದವರನ್ನು ಬಲೆಗೆ ಹಾಕುವ ಜಾಲ ಅದು. ವಿಶೇಷವೆಂದರೆ, ಹಂತ ಮತ್ತು ಸಮಯ ಕೇಳುವ ಇದೇ ಉತ್ತರವು ಅದನ್ನು ಬಯಲು ಮಾಡುವ ಪರೀಕ್ಷೆಯೂ ಆಗುತ್ತದೆ.

ಅಸಲಿ ನೇಮಕಾತಿಯವರು ಹಂತಗಳನ್ನು ಹೇಳುತ್ತಾರೆ, ಇಲ್ಲವೇ ಕಾಯಲು ಹೇಳುತ್ತಾರೆ. ವಂಚಕರಿಗೆ ಕಾಯುವುದು ಬೇಕಿಲ್ಲ. ಅವರ ಉತ್ತರ ನಿಮಿಷಗಳಲ್ಲಿ ಬರುತ್ತದೆ, ಸಂದರ್ಶನವೇ ಇಲ್ಲದೆ ಆಯ್ಕೆ ಖಚಿತ ಎನ್ನುತ್ತದೆ, ಬಳಿಕ ನೋಂದಣಿ ಶುಲ್ಕ, ತರಬೇತಿ ಠೇವಣಿ, ಲ್ಯಾಪ್‌ಟಾಪ್‌ಗೆ ಮುಂಗಡ ಎಂಬ ಯಾವುದೋ ಹೆಸರಿನಲ್ಲಿ, ‘ಮರಳಿ ಕೊಡಲಾಗುವುದು’ ಎಂಬ ಭರವಸೆಯೊಂದಿಗೆ ಹಣ ಕೇಳುತ್ತದೆ. ವಿಳಾಸದಲ್ಲಿ `@` ಚಿಹ್ನೆಯ ನಂತರ ಬರುವ ಹೆಸರು ಕಂಪನಿಯ ಜಾಲತಾಣದ ಹೆಸರಿಗೆ ಅಕ್ಷರಕ್ಷರ ಹೊಂದುತ್ತದೆಯೇ ಎಂದು ನೋಡಿದರೆ ಅನೇಕ ಬಾರಿ ಅಲ್ಲೇ ಗುಟ್ಟು ರಟ್ಟಾಗುತ್ತದೆ. ಹಣ ಹೋದದ್ದೇ ಆದರೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು, `cybercrime.gov.in` ತಾಣದಲ್ಲಿ ದೂರು ದಾಖಲಿಸಬೇಕು. ಹಣ ಮತ್ತೊಂದು ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲಿ ಹೆಚ್ಚು.

ನಡುವೆ ಇನ್ನೊಂದು ಕರೆ ಬಂದರೆ

ಸಮಯ ಕೇಳುವುದು ನಿಜಕ್ಕೂ ತುರ್ತಾಗುವ ಸಂದರ್ಭವೊಂದಿದೆ. ವಸಂತನರಸಾಪುರದ ಕಾರ್ಖಾನೆಯೊಂದು ಇದೇ ಅಭ್ಯರ್ಥಿಗೆ ಕೆಲಸ ಕೊಟ್ಟು, ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಬೇಕು ಎಂದು ಹೇಳಿದರೆ, ತಿರುಮಣಿಯ ದಾರಿ ಕಾಯುವುದಕ್ಕೆ ಈಗ ಕೊನೆಯ ದಿನವೊಂದು ಬಂದಂತಾಯಿತು. ಅದನ್ನು ಮುಚ್ಚಿಡಬೇಕಿಲ್ಲ, ಬೆದರಿಕೆಯಂತೆ ಬರೆಯಲೂಬಾರದು. ಬೇರೊಂದು ಕಡೆಯಿಂದ ನೇಮಕಾತಿ ಪತ್ರ ಬಂದಿದೆ, ಶುಕ್ರವಾರದೊಳಗೆ ಉತ್ತರಿಸಬೇಕಿದೆ, ತಿರುಮಣಿಯ ಹುದ್ದೆಯಲ್ಲಿ ಹೆಚ್ಚು ಆಸಕ್ತಿಯಿರುವುದರಿಂದ ಅದಕ್ಕೂ ಮೊದಲು ಮೊದಲ ಹಂತ ನಡೆಸಲು ಸಾಧ್ಯವೇ ತಿಳಿಸಬಹುದೇ – ಎಂಬ ಮೂರು ಸಾಲು ಸಾಕು. ಕಾರ್ಖಾನೆಯ ಹೆಸರನ್ನೂ ಸಂಬಳವನ್ನೂ ಬರೆಯುವ ಅಗತ್ಯವಿಲ್ಲ.

ಕೈಯಲ್ಲಿ ಪತ್ರವಿಲ್ಲದೆ ಹೀಗೆ ಬರೆಯುವುದು ಅಪಾಯಕರ, ಏಕೆಂದರೆ ‘ಹಾಗಾದರೆ ಅದನ್ನೇ ಒಪ್ಪಿಕೊಳ್ಳಿ’ ಎಂಬ ಉತ್ತರ ಬಂದರೆ ಎರಡೂ ಇಲ್ಲವಾಗುತ್ತವೆ. ಪತ್ರ ನಿಜವಾಗಿಯೂ ಇದ್ದರೆ ಎಚ್‌ಆರ್‌ನವರಿಗೂ ಅದರಿಂದ ಸಹಾಯವೇ ಆಗುತ್ತದೆ: ಸೈಟ್ ಇನ್‌ಚಾರ್ಜ್‌ಗೆ ಫೋನ್ ಮಾಡಿ ‘ಈ ಒಬ್ಬರನ್ನು ಗುರುವಾರ ಸಂಜೆಯೊಳಗೆ ಮಾತನಾಡಿಸಿ’ ಎನ್ನಲು ಅವರಿಗೊಂದು ಕಾರಣ ಸಿಗುತ್ತದೆ. ದಿನ ಗೊತ್ತಾದ ಮೇಲೆ ಬರೆಯಬೇಕಾದ ಮೇಲ್ ಇನ್ನೂ ಚಿಕ್ಕದು. ದಿನ, ಗಂಟೆ ಮತ್ತು ಸ್ಥಳವನ್ನು ಮರುನಮೂದಿಸಿ ಒಪ್ಪಿಗೆ ತಿಳಿಸುವುದು, ಗೇಟಿನಲ್ಲಿ ಯಾವ ಗುರುತಿನ ಚೀಟಿ ತೋರಿಸಬೇಕು, ಯಾರ ಹೆಸರು ಹೇಳಬೇಕು, ಸೇಫ್ಟಿ ಶೂ ಬೇಕೇ ಎಂದು ಕೇಳುವುದು, ಅಷ್ಟೇ.